ಎಸ್ಸೆಸ್ಸೆಲ್ಸಿ ಮುಗೀತು, ಈಗ ಸೈನ್ಸಾ, ಕಾಮರ್ಸಾ, ಆರ್ಟ್ಸಾ? ಪಿಯು ಅರ್ಜಿ ತುಂಬುವ ಮೊದಲು ಮಾಡಬೇಕಾದ ಕೆಲಸಗಳು

ಫಲಿತಾಂಶ ಬಂದ ವಾರ ಎಲ್ಲ ಮನೆಯಲ್ಲೂ ಒಂದೇ ಪ್ರಶ್ನೆ. "ಇಷ್ಟು ಪರ್ಸೆಂಟ್ ಬಂದಿದೆ, ಯಾವುದು ತಗೊಳ್ಳೋದು?" ಪರ್ಸೆಂಟ್ ಜಾಸ್ತಿ ಇದ್ದರೆ ಸೈನ್ಸ್, ಮಧ್ಯದಲ್ಲಿದ್ದರೆ ಕಾಮರ್ಸ್, ಕಮ್ಮಿ ಇದ್ದರೆ ಆರ್ಟ್ಸ್ ಅಂತ ಯಾರೋ ಹೇಳುತ್ತಾರೆ, ಅರ್ಜಿ ತುಂಬಿ ಆಗುತ್ತದೆ. ಪ್ರಥಮ ಪಿಯುಸಿಯ ಮೊದಲ ಕಿರುಪರೀಕ್ಷೆಯಲ್ಲಿ ಪೆಟ್ಟು ಬಿದ್ದಾಗಲೇ ಎಚ್ಚರ ಆಗುವುದು. ಹಾಗಾಗಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ. ಹೇಳಿರುವುದು ಕರ್ನಾಟಕದ ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿಗೆ. ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ, ಏಕೆಂದರೆ ಒಂದರ ಉತ್ತರ ಮುಂದಿನದಕ್ಕೆ ಬೇಕಾಗುತ್ತದೆ.

## ಶುರು ಮಾಡುವ ಮೊದಲು ಕೈಯಲ್ಲಿ ಇರಬೇಕಾದ್ದು

ಅಂಕಪಟ್ಟಿ ಬೇಕು. ಒಂದು ನೋಟ್‌ಬುಕ್ ಬೇಕು. ಪ್ರಥಮ ಪಿಯುಸಿಯ ನಾಲ್ಕೈದು ಪಠ್ಯಪುಸ್ತಕಗಳು ಬೇಕು: ಭೌತಶಾಸ್ತ್ರ, ಗಣಿತ, ಅಕೌಂಟೆನ್ಸಿ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ. ಕೊಳ್ಳಬೇಕಿಲ್ಲ, ಪಕ್ಕದ ಮನೆಯ ಅಕ್ಕನೋ ಅಣ್ಣನೋ ಓದಿ ಮುಗಿಸಿದ್ದು ಸಾಕು. ನಮ್ಮ ಪಿಯುಸಿಯಲ್ಲಿ ವಿಜ್ಞಾನಕ್ಕೆ, ಗಣಿತಕ್ಕೆ ಎನ್‌ಸಿಇಆರ್‌ಟಿ ಪುಸ್ತಕಗಳೇ ಇರುವುದರಿಂದ ಅವು ಫೋನಿನಲ್ಲೂ ಪುಕ್ಕಟೆ ಸಿಗುತ್ತವೆ. ಜೊತೆಗೆ ಹತ್ತು ಹದಿನೈದು ದಿನ ಬೇಕು. ರಜೆ ಇರುತ್ತದಲ್ವಾ, ಅದೇ ಸಾಕು.

## 1. ಒಟ್ಟು ಪರ್ಸೆಂಟ್ ಬದಿಗಿಡಿ, ಅಂಕಪಟ್ಟಿ ಬಿಡಿಸಿ ನೋಡಿ

ಎಸ್ಸೆಸ್ಸೆಲ್ಸಿ ಒಟ್ಟು 625 ಅಂಕ. ಅದರಲ್ಲಿ ಪ್ರಥಮ ಭಾಷೆ 125, ಉಳಿದ ಎರಡು ಭಾಷೆ ತಲಾ 100. ಅಂದರೆ 325 ಅಂಕ ಬರೀ ಭಾಷೆಗಳದ್ದು, ಅರ್ಧಕ್ಕಿಂತ ಜಾಸ್ತಿ. ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಮೂರೂ ಸೇರಿ 300. ಮೂರು ಭಾಷೆಯಲ್ಲಿ ಚೆನ್ನಾಗಿ ಬರೆದವರಿಗೆ ಗಣಿತ ಸುಮಾರಾಗಿದ್ದರೂ ಒಟ್ಟು ಪರ್ಸೆಂಟ್ ಮೇಲೆಯೇ ನಿಲ್ಲುತ್ತದೆ. ಸೈನ್ಸ್ ತಗೊಳ್ಳಬಹುದಾ ಅನ್ನೋದಕ್ಕೆ ಈ ಒಟ್ಟು ಅಂಕ ಏನೂ ಹೇಳುವುದಿಲ್ಲ.

ಇನ್ನೊಂದು ವಿಷಯ ಆಂತರಿಕ ಅಂಕ. ಗಣಿತ, ವಿಜ್ಞಾನ, ಸಮಾಜ ಮೂರರಲ್ಲೂ 100ಕ್ಕೆ 20 ಅಂಕ ಶಾಲೆಯಲ್ಲೇ ಕೊಡುವುದು, ಬಹಳಷ್ಟು ಮಕ್ಕಳಿಗೆ 18, 19, 20 ಹೀಗೆ ಸಿಕ್ಕಿರುತ್ತದೆ. ಅದನ್ನು ಕಳೆದು 80ಕ್ಕೆ ಎಷ್ಟು ಬಂತು ಅಂತ ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ. ಗಣಿತದಲ್ಲಿ 70 ಬಂದಿದೆ ಅಂದುಕೊಂಡವರು ಕಳೆದು ನೋಡಿದರೆ 80ಕ್ಕೆ 50 ಇರಬಹುದು.

ಆಮೇಲೆ ನಿಮ್ಮನ್ನೇ ಒಂದು ಮಾತು ಕೇಳಿಕೊಳ್ಳಿ, ಉತ್ತರವನ್ನು ಯಾರಿಗೂ ಹೇಳಬೇಕಿಲ್ಲ. ಗಣಿತದ ಅಂಕ ಬಂದಿದ್ದು ಹೇಗೆ? ಹೊಸ ಲೆಕ್ಕ ಕೊಟ್ಟರೂ ಬಿಡಿಸಿದ್ದರಿಂದಲಾ, ಅಥವಾ ಹಳೇ ಪ್ರಶ್ನೆಪತ್ರಿಕೆಗಳನ್ನು ಮತ್ತೆ ಮತ್ತೆ ಬರೆದು ಪ್ರಮೇಯಗಳನ್ನು ಬಾಯಿಪಾಠ ಮಾಡಿದ್ದರಿಂದಲಾ? ಬಾಯಿಪಾಠ ಮಾಡಿದ್ದು ತಪ್ಪೇನಲ್ಲ. ಆದರೆ ಪಿಯುಸಿ ಭೌತಶಾಸ್ತ್ರಕ್ಕೆ ಅದು ಆಗಿಬರುವುದಿಲ್ಲ, ಸಿಇಟಿಗಂತೂ ಇಲ್ಲವೇ ಇಲ್ಲ.

## 2. ಯಾವ ಡಿಗ್ರಿಗೆ ಏನು ಕಡ್ಡಾಯ ಅಂತ ಹಿಂದಿನಿಂದ ಲೆಕ್ಕ ಹಾಕಿ

ಜಾಸ್ತಿ ಜನ ಎಡವುವುದು ಇಲ್ಲೇ. "ಸೈನ್ಸ್ ತಗೊಂಡರೆ ಎಲ್ಲದಕ್ಕೂ ಹೋಗಬಹುದು" ಅನ್ನೋ ಮಾತು ಅರ್ಧ ನಿಜ. ಸೈನ್ಸ್ ಓದಿದವರು ಆಮೇಲೆ ಬಿಕಾಂ, ಬಿಎ, ಕಾನೂನು ಎಲ್ಲಕ್ಕೂ ಹೋಗಬಹುದು, ಕಾಮರ್ಸ್ ಅಥವಾ ಆರ್ಟ್ಸ್ ಓದಿದವರು ಎಂಜಿನಿಯರಿಂಗ್‌ಗೋ ಮೆಡಿಕಲ್‌ಗೋ ಹೋಗಲಾರರು. ಅಷ್ಟು ಸರಿ. ಆದರೆ ಸೈನ್ಸ್‌ನಲ್ಲಿ ಎರಡು ವರ್ಷ ಒದ್ದಾಡಿ ಕಮ್ಮಿ ಅಂಕ ತಗೊಂಡವರಿಗೆ ಒಳ್ಳೆಯ ಬಿಕಾಂ ಕಾಲೇಜಿನಲ್ಲೂ ಸೀಟು ಕಷ್ಟ, ಅಲ್ಲಿ ಸೇರಿದರೂ ಅಕೌಂಟೆನ್ಸಿಯನ್ನು ಮೊದಲಿನಿಂದ ಕಲಿಯಬೇಕು. ಈ ಅರ್ಧವನ್ನು ಯಾರೂ ಹೇಳುವುದಿಲ್ಲ.

ಹಾಗಾಗಿ ನೋಟ್‌ಬುಕ್‌ನಲ್ಲಿ ನಿಮಗೆ ಮನಸ್ಸಿರುವ ಮೂರು ಕೆಲಸ ಬರೆಯಿರಿ. ಮೂರೇ ಸಾಕು, ಹತ್ತು ಬೇಡ. ಪ್ರತಿಯೊಂದರ ಎದುರು ಪಿಯುಸಿಯಲ್ಲಿ ಯಾವ ವಿಷಯ ಇರಲೇಬೇಕು ಅಂತ ಬರೆಯಿರಿ.

ಎಂಜಿನಿಯರಿಂಗ್ ಅಂದರೆ ಭೌತಶಾಸ್ತ್ರ, ಗಣಿತ ಮತ್ತು ರಸಾಯನಶಾಸ್ತ್ರ. ಸಿಇಟಿ ರ‍್ಯಾಂಕಿಗೆ ಪಿಯುಸಿಯ ಈ ಮೂರು ವಿಷಯದ ಅಂಕ ಅರ್ಧ, ಸಿಇಟಿ ಅಂಕ ಅರ್ಧ ಸೇರಿಸುತ್ತಾರೆ. ಅಂದರೆ ಸಿಇಟಿ ಒಂದರಲ್ಲಿ ಮಿಂಚಿದರೆ ಆಗಲ್ಲ, ಬೋರ್ಡ್ ಪರೀಕ್ಷೆಯೂ ಚೆನ್ನಾಗಿ ಆಗಬೇಕು.

ಡಾಕ್ಟರ್ ಆಗಬೇಕಾದರೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಬೇಕು, ಗಣಿತ ಕಡ್ಡಾಯವಲ್ಲ. ಸೀಟು ಸಿಗುವುದು ನೀಟ್ ಅಂಕದ ಮೇಲೆ. ನೀಟ್‌ನ 720 ಅಂಕದಲ್ಲಿ 360 ಜೀವಶಾಸ್ತ್ರದ್ದು, 180 ಭೌತಶಾಸ್ತ್ರದ್ದು, 180 ರಸಾಯನಶಾಸ್ತ್ರದ್ದು. "ನನಗೆ ಬಯಾಲಜಿ ಅಂದರೆ ಪ್ರಾಣ, ಫಿಸಿಕ್ಸ್ ಅಂದರೆ ಆಗಲ್ಲ" ಅನ್ನುವವರು ಕಾಲು ಭಾಗ ಅಂಕ ಫಿಸಿಕ್ಸ್‌ನಲ್ಲಿದೆ ಅನ್ನೋದನ್ನು ಮೊದಲೇ ತಿಳಿದಿರಬೇಕು.

ಸಿಎ ಮಾಡಲು ಪಿಯುಸಿಯಲ್ಲಿ ಕಾಮರ್ಸೇ ಇರಬೇಕು ಅಂತ ನಿಯಮ ಇಲ್ಲ, ಯಾವ ವಿಭಾಗದವರೂ ಅದರ ಮೊದಲ ಪರೀಕ್ಷೆಯಾದ ಫೌಂಡೇಷನ್ ಬರೆಯಬಹುದು. ಆದರೆ ಫೌಂಡೇಷನ್‌ನ ನಾಲ್ಕು ಪತ್ರಿಕೆಗಳು ಲೆಕ್ಕಪತ್ರ, ವ್ಯವಹಾರ ಕಾನೂನು, ಅರ್ಥಶಾಸ್ತ್ರ ಮತ್ತು ಗಣಿತ-ಸಂಖ್ಯಾಶಾಸ್ತ್ರದ ಒಂದು ಪತ್ರಿಕೆ. ಕಾಮರ್ಸ್ ಓದಿದವರಿಗೆ ಇದರಲ್ಲಿ ತುಂಬಾ ಭಾಗ ಮೊದಲೇ ಗೊತ್ತಿರುತ್ತದೆ. ಲೆಕ್ಕ ಅಂದರೆ ಓಡಿಹೋಗುವವರು ಸಿಎ ಅಂತ ಕಾಮರ್ಸ್‌ಗೆ ಬರಬೇಡಿ.

ವಕೀಲಿಕೆಗೆ ಐದು ವರ್ಷದ ಕೋರ್ಸು, ಯಾವ ವಿಭಾಗದವರೂ ಸೇರಬಹುದು. ಕೆಎಎಸ್, ಐಎಎಸ್‌ಗೆ ಯಾವುದೇ ಡಿಗ್ರಿ ಆದರೂ ನಡೆಯುತ್ತದೆ. ಎನ್‌ಡಿಎ ಮೂಲಕ ಭೂಸೇನೆಗೆ ಹೋಗಲು ಯಾವ ವಿಭಾಗವಾದರೂ ಸರಿ, ವಾಯುಸೇನೆ ಮತ್ತು ನೌಕಾಪಡೆಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಬೇಕು. ಭೂಸೇನೆಗೆ ಹೋಗುವವರಿಗೂ ಪರೀಕ್ಷೆಯಲ್ಲಿ ಗಣಿತದ ಪತ್ರಿಕೆ ತಪ್ಪಿದ್ದಲ್ಲ, ಆರ್ಟ್ಸ್ ತಗೊಂಡವರು ಅದನ್ನು ಬೇರೆಯಾಗಿ ಓದಬೇಕು.

ಮೂರೂ ಕೆಲಸ ಬರೆದ ಮೇಲೆ ಮೂರಕ್ಕೂ ಸಮವಾಗಿ ಬೇಕಾದ ವಿಷಯ ಯಾವುದು ಅಂತ ನೋಡಿ. ಮೂರರಲ್ಲಿ ಎರಡಕ್ಕೆ "ಯಾವ ವಿಭಾಗವಾದರೂ ಸರಿ" ಅಂತ ಬಂದರೆ ನಿಮಗೆ ಸೈನ್ಸ್ ಕಡ್ಡಾಯವಲ್ಲ. ಇಷ್ಟು ಗೊತ್ತಾದರೆ ಮನೆಯ ಅರ್ಧ ಜಗಳ ನಿಲ್ಲುತ್ತದೆ.

## 3. ಪ್ರಥಮ ಪಿಯುಸಿ ಪಾಠ ಓದಿ, ನಿಮ್ಮನ್ನೇ ಪರೀಕ್ಷಿಸಿ

ಆಸಕ್ತಿ ಏನು ಅಂತ ಕೂತು ಯೋಚಿಸಿದರೆ ಗೊತ್ತಾಗುವುದಿಲ್ಲ. ಬಾಹ್ಯಾಕಾಶದ ವಿಡಿಯೊ ನೋಡಲು ಇಷ್ಟ ಇರುವುದು ಬೇರೆ, ಭೌತಶಾಸ್ತ್ರದ ಲೆಕ್ಕದ ಎದುರು ಮುಕ್ಕಾಲು ಗಂಟೆ ಕೂರುವುದು ಬೇರೆ. ಆ ಎರಡನೆಯದು ನಿಮ್ಮಿಂದ ಆಗುತ್ತದಾ ಅಂತ ನೋಡಬೇಕಾದರೆ ಪಿಯುಸಿ ಪಾಠವನ್ನೇ ಓದಬೇಕು. ಈ ಹಂತಕ್ಕೆ ಹತ್ತು ದಿನ ಕೊಡಿ, ಇದನ್ನು ಮಾತ್ರ ಬಿಡಬೇಡಿ.

ಯಾವ ಪಾಠ ಅಂತ ಹೇಳುತ್ತೇನೆ. ಭೌತಶಾಸ್ತ್ರದಲ್ಲಿ ಸಮತಲದಲ್ಲಿ ಚಲನೆ ಅನ್ನೋ ಪಾಠ, ವೆಕ್ಟರ್ ಬರುವುದು ಅಲ್ಲೇ. ಗಣಿತದಲ್ಲಿ ತ್ರಿಕೋನಮಿತಿ. ಹತ್ತನೇ ತರಗತಿಯಲ್ಲಿ ಅದನ್ನು ಓದಿರುವುದರಿಂದ ಎಷ್ಟು ಮೇಲಕ್ಕೆ ಹೋಗಿದೆ ಅಂತ ಅಳೆಯಲು ಸುಲಭ. ಅಕೌಂಟೆನ್ಸಿಯಲ್ಲಿ ವ್ಯವಹಾರಗಳನ್ನು ದಾಖಲಿಸುವ ಪಾಠ, ಅಂದರೆ ಡೆಬಿಟ್, ಕ್ರೆಡಿಟ್ ಮತ್ತು ಜರ್ನಲ್ ಎಂಟ್ರಿ. ರಾಜ್ಯಶಾಸ್ತ್ರ ಅಥವಾ ಇತಿಹಾಸದಲ್ಲಿ ನಿಮಗೆ ಬೇಕಾದ ಒಂದು ಪಾಠ. ಪ್ರತಿ ಪಾಠಕ್ಕೆ ಎರಡು ದಿನ.

ಓದುವ ರೀತಿ ಮುಖ್ಯ. ಮೊದಲ ದಿನ ಪಾಠ ಓದಿ, ಬಿಡಿಸಿ ತೋರಿಸಿದ ಉದಾಹರಣೆಗಳನ್ನು ನೋಡಿ, ಬೇಕಾದರೆ ಒಂದು ವಿಡಿಯೊ ನೋಡಿ. ಎರಡನೇ ದಿನ ಪುಸ್ತಕ ಮುಚ್ಚಿ, ಪಾಠದ ಕೊನೆಯಲ್ಲಿರುವ ಅಭ್ಯಾಸದಿಂದ ಐದು ಪ್ರಶ್ನೆ ಆರಿಸಿ ಒಬ್ಬರೇ ಕೂತು ಮಾಡಿ. ಆರ್ಟ್ಸ್ ಪಾಠಕ್ಕಾದರೆ ಓದಿದ್ದನ್ನು ನಿಮ್ಮದೇ ಮಾತಿನಲ್ಲಿ ಎರಡು ಪುಟ ಬರೆಯಿರಿ, ಪುಸ್ತಕದ ವಾಕ್ಯ ಇಳಿಸಬೇಡಿ.

ಈಗ ಗಮನಿಸಬೇಕಾದ್ದು ಎಷ್ಟು ಸರಿ ಬಂತು ಅನ್ನೋದಲ್ಲ. ಟೀಚರ್ ಇಲ್ಲದೆ ಓದಿದ ಪಾಠ, ತಪ್ಪು ಬರುವುದು ಸಹಜ. ಸಿಕ್ಕಿಹಾಕಿಕೊಂಡಾಗ ನೀವು ಏನು ಮಾಡಿದಿರಿ ಅನ್ನೋದನ್ನು ನೋಡಿ. ಚಿತ್ರ ಬರೆದು ಇನ್ನೊಂದು ದಾರಿಯಲ್ಲಿ ಪ್ರಯತ್ನ ಮಾಡಿದಿರಾ, ಅಥವಾ ಐದು ನಿಮಿಷದೊಳಗೆ ಉತ್ತರದ ಪುಟ ತಿರುಗಿಸಿದಿರಾ? ಉತ್ತರ ನೋಡಿದ ಮೇಲೆ "ಓ, ಹೀಗಾ!" ಅಂತ ಖುಷಿ ಆಯಿತಾ, ಅಥವಾ ಉತ್ತರ ನೋಡಿದರೂ ಅದೇ ಮಂಕಾ? ಉದಾಹರಣೆ ಓದುವಾಗ ಎಲ್ಲ ಅರ್ಥವಾಗಿ, ಪುಸ್ತಕ ಮುಚ್ಚಿದರೆ ಮೊದಲ ಸಾಲೇ ಹೊಳೆಯದಿದ್ದರೆ ಅದೊಂದು ಎಚ್ಚರಿಕೆ. ಒಂದು ಲೆಕ್ಕದಲ್ಲಿ ಹಾಗಾದರೆ ಪರವಾಗಿಲ್ಲ. ಐದಕ್ಕೆ ಐದರಲ್ಲೂ ಹಾಗಾಗಿ, ಮರುದಿನ ಮತ್ತೆ ಕೂತಾಗಲೂ ಹಾಗೇ ಆದರೆ, ಅದನ್ನು ಸುಮ್ನೆ ತಳ್ಳಿಹಾಕಬೇಡಿ.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಒಂದು ಮಾತು. ಸೈನ್ಸ್ ಪಾಠ ಕಾಲೇಜಿನಲ್ಲಿ ಸಾಮಾನ್ಯವಾಗಿ ಇಂಗ್ಲಿಷ್‌ನಲ್ಲೇ ನಡೆಯುತ್ತದೆ. ಈ ಪರೀಕ್ಷೆಯಲ್ಲಿ ಕಷ್ಟ ಆದಾಗ ತೊಡಕಾಗಿದ್ದು ಇಂಗ್ಲಿಷ್ಷೋ, ಲೆಕ್ಕವೋ ಅಂತ ಬೇರೆ ಮಾಡಿ ನೋಡಿ. ಅದೇ ಪ್ರಶ್ನೆಯನ್ನು ಯಾರಾದರೂ ಕನ್ನಡದಲ್ಲಿ ಹೇಳಿದ ಕೂಡಲೇ ನಿಮಗೆ ಬಿಡಿಸಲು ಬಂದರೆ ತೊಡಕು ಭಾಷೆಯದ್ದು, ಕೆಲವು ತಿಂಗಳಲ್ಲಿ ಸರಿಹೋಗುತ್ತದೆ. ಅದಕ್ಕಾಗಿ ಸೈನ್ಸ್ ಬಿಡಬೇಡಿ. ಎಷ್ಟೋ ಜಾಣ ಮಕ್ಕಳು ಇದೊಂದೇ ಹೆದರಿಕೆಗೆ ಹಿಂದೆ ಸರಿಯುತ್ತಾರೆ, ಅದು ನನಗೆ ತುಂಬಾ ಬೇಜಾರಿನ ವಿಷಯ.

## 4. ವರ್ಷ ಮತ್ತು ದುಡ್ಡಿನ ಲೆಕ್ಕವನ್ನು ಮನೆಯವರ ಜೊತೆ ಕೂತು ಮಾಡಿ

ಮಕ್ಕಳು ಈ ಮಾತು ಎತ್ತಲು ಹಿಂಜರಿಯುತ್ತಾರೆ, ಅಪ್ಪ ಅಮ್ಮ "ಅದೆಲ್ಲ ನಾವು ನೋಡ್ಕೋತೀವಿ, ನೀನು ಓದು" ಅನ್ನುತ್ತಾರೆ. ಹಾಗೆ ಬಿಡಬೇಡಿ. ನೀವು ಬರೆದ ಮೂರು ಕೆಲಸಗಳಿಗೆ ಪಿಯುಸಿ ಮುಗಿದ ಮೇಲೆ ಎಷ್ಟು ವರ್ಷ ಅಂತ ಎದುರಿಗೆ ಬರೆಯಿರಿ. ಎಂಬಿಬಿಎಸ್ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಎಂಜಿನಿಯರಿಂಗ್ ನಾಲ್ಕು. ಕಾನೂನು ಐದು. ಬಿಕಾಂ ಮೂರು. ಸಿಎಗೆ ಫೌಂಡೇಷನ್, ಇಂಟರ್‌ಮೀಡಿಯೆಟ್, ಸಿಎ ಕಚೇರಿಯಲ್ಲಿ ಎರಡು ವರ್ಷ ತರಬೇತಿ ಪಡೆಯುವ ಆರ್ಟಿಕಲ್‌ಶಿಪ್, ಫೈನಲ್. ಎಲ್ಲ ಒಂದೇ ಏಟಿಗೆ ಪಾಸಾದರೂ ನಾಲ್ಕು ವರ್ಷ ಹಿಡಿಯುತ್ತದೆ, ಒಂದೆರಡು ಸಲ ಮತ್ತೆ ಬರೆಯುವುದು ಮಾಮೂಲು.

ಆಮೇಲೆ ಕೇಳಬೇಕಾದ ಪ್ರಶ್ನೆ: ಮೊದಲನೆಯದು ಸಿಗದಿದ್ದರೆ? ಸರ್ಕಾರಿ ಮೆಡಿಕಲ್ ಸೀಟು ಸಿಗಲಿಲ್ಲ, ಖಾಸಗಿ ಫೀಸು ಕೊಡಲು ಆಗಲ್ಲ ಅಂತಾದರೆ ನರ್ಸಿಂಗ್, ಕೃಷಿ ಪದವಿ, ಫಾರ್ಮಸಿ ಇವುಗಳಲ್ಲಿ ಒಂದಕ್ಕಾದರೂ ಮನಸ್ಸಿದೆಯಾ? ಇದ್ದರೆ ಧೈರ್ಯವಾಗಿ ಬಯಾಲಜಿ ತಗೊಳ್ಳಿ. "ಡಾಕ್ಟರ್ ಆಗದಿದ್ದರೆ ಇನ್ನೇನೂ ಬೇಡ" ಅನ್ನುವವರು ಇನ್ನೊಂದು ಸಲ ಕೂತು ಮಾತಾಡಬೇಕು.

ಬೇಗ ಸಂಪಾದನೆ ಶುರುವಾಗಲೇಬೇಕು ಅನ್ನೋ ಮನೆಗಳಲ್ಲಿ ಪಿಯುಸಿಯ ಬದಲು ಪಾಲಿಟೆಕ್ನಿಕ್ ಡಿಪ್ಲೊಮಾವನ್ನೂ ಪಟ್ಟಿಗೆ ಸೇರಿಸಿ. ಎಸ್ಸೆಸ್ಸೆಲ್ಸಿ ಆದ ಮೇಲೆ ಮೂರು ವರ್ಷ. ಮುಗಿಸಿ ಕೆಲಸಕ್ಕೆ ಹೋಗಬಹುದು, ಓದಬೇಕು ಅನ್ನಿಸಿದರೆ ಡಿಸಿಇಟಿ ಬರೆದು ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ನೇರ ಸೇರಬಹುದು. ಮೆಷಿನ್, ವೈರಿಂಗ್ ಇಂಥ ಕೈಕೆಲಸದಲ್ಲಿ ಮನಸ್ಸಿರುವವರಿಗೆ ಇದು ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಸೇರಿದ ಪಿಸಿಎಂಗಿಂತ ಚೆನ್ನಾಗಿ ಹೊಂದುತ್ತದೆ.

## 5. ವಿಭಾಗ ಆದ ಮೇಲೆ ಕಾಂಬಿನೇಷನ್, ಆಮೇಲೆ ಕಾಲೇಜು

ಕ್ರಮ ತಲೆಕೆಳಗಾಗುವುದು ಇಲ್ಲಿ. ಗೆಳೆಯರು ಸೇರುವ ಕಾಲೇಜನ್ನು ಮೊದಲು ಆರಿಸಿ, ಅಲ್ಲಿ ಇರುವ ಕಾಂಬಿನೇಷನ್ ತಗೊಳ್ಳುತ್ತಾರೆ. ಪಿಯುಸಿಯಲ್ಲಿ ಎರಡು ಭಾಷೆ, ನಾಲ್ಕು ಐಚ್ಛಿಕ ವಿಷಯ. ಎಲ್ಲ ಕಾಂಬಿನೇಷನ್ ಎಲ್ಲ ಕಾಲೇಜಿನಲ್ಲಿ ಇರುವುದಿಲ್ಲ.

ಸೈನ್ಸ್‌ನಲ್ಲಿ ಮುಖ್ಯ ಪ್ರಶ್ನೆ ಪಿಸಿಎಂ ಜೊತೆ ಜೀವಶಾಸ್ತ್ರ ಇರುವ ಪಿಸಿಎಂಬಿಯಾ, ಕಂಪ್ಯೂಟರ್ ವಿಜ್ಞಾನ ಇರುವ ಪಿಸಿಎಂಸಿಯಾ ಅನ್ನೋದು. "ಎರಡೂ ಇರಲಿ" ಅಂತ ಪಿಸಿಎಂಬಿ ತಗೊಂಡು ನೀಟ್, ಸಿಇಟಿ ಎರಡಕ್ಕೂ ಓದುವವರ ಮೇಲೆ ಹೊರೆ ಜಾಸ್ತಿ. ಮೆಡಿಕಲ್ ಕಡೆ ಮನಸ್ಸೇ ಇಲ್ಲದವರು ಜೀವಶಾಸ್ತ್ರದ ಬದಲು ಕಂಪ್ಯೂಟರ್ ವಿಜ್ಞಾನ ಅಥವಾ ಎಲೆಕ್ಟ್ರಾನಿಕ್ಸ್ ತಗೊಂಡರೆ ಗಣಿತಕ್ಕೆ ಸಮಯ ಉಳಿಯುತ್ತದೆ.

ಕಾಮರ್ಸ್‌ನಲ್ಲಿ ಅರ್ಥಶಾಸ್ತ್ರ, ಬಿಸಿನೆಸ್ ಸ್ಟಡೀಸ್, ಅಕೌಂಟೆನ್ಸಿ ಮೂರು ಸಾಮಾನ್ಯವಾಗಿ ಇರುತ್ತವೆ, ನಾಲ್ಕನೆಯದು ಬದಲಾಗುತ್ತದೆ. ಸಂಖ್ಯಾಶಾಸ್ತ್ರ ಇದ್ದರೆ ಎಸ್‌ಇಬಿಎ, ಕಂಪ್ಯೂಟರ್ ಇದ್ದರೆ ಸಿಇಬಿಎ, ಇತಿಹಾಸ ಇದ್ದರೆ ಎಚ್‌ಇಬಿಎ. ಸಿಎಗೆ ಸಂಖ್ಯಾಶಾಸ್ತ್ರ ನೆರವಾಗುತ್ತದೆ. ಬಿಸಿಎ ಯೋಚನೆ ಇದ್ದರೆ ನಿಮಗೆ ಬೇಕಾದ ಡಿಗ್ರಿ ಕಾಲೇಜಿನವರು ಯಾವ ವಿಷಯ ಕೇಳುತ್ತಾರೆ ಅಂತ ಈಗಲೇ ವಿಚಾರಿಸಿ. ಆರ್ಟ್ಸ್‌ನಲ್ಲಿ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ ಸೇರಿದ ಎಚ್‌ಇಪಿಎಸ್ ತುಂಬಾ ಕಡೆ ಇದೆ. ಮನಃಶಾಸ್ತ್ರ ಬೇಕು ಅನ್ನುವವರು ಕಾಲೇಜು ಹುಡುಕಬೇಕಾಗುತ್ತದೆ.

ಕಾಲೇಜಿಗೆ ಹೋದಾಗ ಕಚೇರಿಯಲ್ಲಿ ಫೀಸು ಕೇಳಿ ವಾಪಸ್ ಬರಬೇಡಿ. ಅಲ್ಲೇ ದ್ವಿತೀಯ ಪಿಯುಸಿ ಓದುವ ಇಬ್ಬರನ್ನು ಮಾತಾಡಿಸಿ, ನಿಮ್ಮ ಕಾಂಬಿನೇಷನ್ನಿನವರನ್ನೇ. ಎಲ್ಲ ವಿಷಯಕ್ಕೂ ಲೆಕ್ಚರರ್ ಇದ್ದಾರಾ, ಲ್ಯಾಬ್ ನಿಜವಾಗಿ ನಡೆಯುತ್ತದಾ, ಟ್ಯೂಷನ್ ಇಲ್ಲದೆ ಓದುವವರು ಎಷ್ಟು ಜನ ಅಂತ ಕೇಳಿ. ಮೂರನೆಯ ಪ್ರಶ್ನೆಯ ಉತ್ತರದಲ್ಲಿ ಪಾಠ ಹೇಗಿದೆ ಅನ್ನೋದೂ, ಫೀಸಿನ ಮೇಲೆ ಇನ್ನೆಷ್ಟು ಖರ್ಚಿದೆ ಅನ್ನೋದೂ ಎರಡೂ ತಿಳಿಯುತ್ತದೆ.

## 6. ಒಂದು ಅಂಕಪಟ್ಟಿ ಹಿಡಿದು ಮಾಡಿ ನೋಡೋಣ

ಒಬ್ಬ ಹುಡುಗಿಗೆ 625ಕ್ಕೆ 548 ಬಂದಿದೆ ಅಂತಿಟ್ಟುಕೊಳ್ಳಿ. ಹತ್ತಿರ ಹತ್ತಿರ 88 ಪರ್ಸೆಂಟ್. ಮನೆಯಲ್ಲಿ ಎಲ್ಲರೂ ಪಿಸಿಎಂಬಿ ಅನ್ನುತ್ತಿದ್ದಾರೆ.

ಬಿಡಿಸಿ ನೋಡೋಣ. ಕನ್ನಡ 121, ಇಂಗ್ಲಿಷ್ 94, ಹಿಂದಿ 97. ಭಾಷೆಗಳಲ್ಲೇ 312. ಸಮಾಜ 93, ವಿಜ್ಞಾನ 76, ಗಣಿತ 67. ಆಂತರಿಕ ಅಂಕ ಕಳೆದರೆ ಸಮಾಜದಲ್ಲಿ 80ಕ್ಕೆ 73, ವಿಜ್ಞಾನದಲ್ಲಿ 57, ಗಣಿತದಲ್ಲಿ 47. ಗಣಿತದ ಬರಹದ ಪರೀಕ್ಷೆಯಲ್ಲಿ 60 ಪರ್ಸೆಂಟೂ ಇಲ್ಲ. 88 ಅನ್ನೋ ಸಂಖ್ಯೆ ಇದನ್ನು ಪೂರ್ತಿ ಮುಚ್ಚಿಟ್ಟಿತ್ತು.

ಅವಳು ಬರೆದ ಮೂರು ಕೆಲಸ: ಕೆಎಎಸ್ ಅಧಿಕಾರಿ, ವಕೀಲೆ, ಡಾಕ್ಟರ್. ಮೊದಲೆರಡಕ್ಕೆ ಯಾವ ವಿಭಾಗವಾದರೂ ಸರಿ. ಮೂರನೆಯದನ್ನು ಬರೆದಿದ್ದು ಯಾಕೆ ಅಂತ ಕೇಳಿದರೆ "ಅಮ್ಮನಿಗೆ ಆಸೆ" ಅನ್ನುತ್ತಾಳೆ.

ಪಾಠ ಓದಿದಾಗ ವೆಕ್ಟರ್ ಉದಾಹರಣೆಗಳು ಅರ್ಥವಾದವು, ಪುಸ್ತಕ ಮುಚ್ಚಿದರೆ ಐದರಲ್ಲಿ ಒಂದೂ ಶುರುವಾಗಲಿಲ್ಲ. ಮರುದಿನವೂ ಅಷ್ಟೇ. ಜರ್ನಲ್ ಎಂಟ್ರಿಯಲ್ಲಿ ಮೊದಲು ಡೆಬಿಟ್, ಕ್ರೆಡಿಟ್ ಅದಲುಬದಲಾಯಿತು. ಅಂಗಡಿಗೆ ಸಾಲದ ಮೇಲೆ ಸರಕು ತಂದರೆ ಯಾವುದು ಡೆಬಿಟ್ ಅನ್ನೋ ಪ್ರಶ್ನೆಗೆ ಸಾಲ ಕೊಟ್ಟವನ ಹೆಸರು ಬರೆದಿದ್ದಳು, ಆಮೇಲೆ ತಾನೇ ಹೊಡೆದುಹಾಕಿ ಖರೀದಿ ಖಾತೆ ಡೆಬಿಟ್, ಸಾಲ ಕೊಟ್ಟವನ ಖಾತೆ ಕ್ರೆಡಿಟ್ ಅಂತ ತಿದ್ದಿದಳು. ಉಳಿದ ನಾಲ್ಕೂ ಸರಿ. ಸಂವಿಧಾನದ ಪಾಠದ ಬಗ್ಗೆ ಎರಡು ಪುಟ ಬರೆಯಲು ಹೇಳಿದರೆ ನಾಲ್ಕು ಪುಟ ಬರೆದಳು.

ಮನೆಯಲ್ಲಿ ಐದು ವರ್ಷ ಕಾಯಬಹುದು, ಆದರೆ ದೊಡ್ಡ ಫೀಸು ಆಗದು. ಇಲ್ಲಿಗೆ ಸೈನ್ಸ್ ಬಿಟ್ಟುಹೋಯಿತು. ಉಳಿದಿದ್ದು ಎಚ್‌ಇಪಿಎಸ್ ಅಥವಾ ಎಚ್‌ಇಬಿಎ. ನನ್ನ ಪ್ರಕಾರ ಇವಳಿಗೆ ಎಚ್‌ಇಬಿಎ ಸರಿ. ಇತಿಹಾಸ, ಅರ್ಥಶಾಸ್ತ್ರ ಎರಡೂ ಸಿಗುತ್ತದೆ, ಅವು ಮುಂದೆ ಕೆಎಎಸ್ ಓದಿಗೆ ಬೇಕು. ಕಾನೂನು ಸೀಟು ಕೈತಪ್ಪಿದರೆ ಬಿಕಾಂ ಮಾಡಿ ಕೆಲಸಕ್ಕೆ ಹೋಗುತ್ತಲೇ ಪರೀಕ್ಷೆ ಬರೆಯಬಹುದು. ಅಕೌಂಟೆನ್ಸಿ ಅವಳಿಗೆ ಒಗ್ಗುತ್ತದೆ ಅಂತ ನೋಡಿದ್ದೂ ಆಯಿತು. ಅದೇ ಅವಳಿಗೆ ಜರ್ನಲ್ ಎಂಟ್ರಿ ಬೇಸರ ತಂದಿದ್ದರೆ ಎಚ್‌ಇಪಿಎಸ್ ಅನ್ನುತ್ತಿದ್ದೆ.

## 7. ತರಗತಿ ಶುರುವಾದ ಮೇಲಿನ ಮೊದಲ ವಾರಗಳು

ಸೇರಿದ ಮೇಲೂ ಕೆಲಸ ಮುಗಿದಿಲ್ಲ. ಸೀಟು ಖಾಲಿ ಇದ್ದರೆ ಶುರುವಿನ ಕೆಲವು ವಾರಗಳಲ್ಲಿ ಪ್ರಾಂಶುಪಾಲರನ್ನು ಕೇಳಿ ವಿಭಾಗ ಬದಲಿಸಿಕೊಳ್ಳಲು ಆಗುತ್ತದೆ. ತಡವಾದರೆ ಒಂದು ವರ್ಷವೇ ಹೋಗುತ್ತದೆ. ಬದಲಾವಣೆಗೆ ಕೊನೆ ದಿನ ಯಾವುದು ಅಂತ ಸೇರುವ ದಿನವೇ ಕೇಳಿ, ನೋಟ್‌ಬುಕ್‌ನಲ್ಲಿ ಬರೆದಿಡಿ.

ಕಿರುಪರೀಕ್ಷೆಯಲ್ಲಿ ಕಮ್ಮಿ ಅಂಕ ಬರುವುದು ದೊಡ್ಡ ವಿಷಯವಲ್ಲ, ಮೊದಲ ಸಲ ಎಲ್ಲರಿಗೂ ಕಮ್ಮಿ ಬರುತ್ತದೆ. ನೋಡಬೇಕಾದ ಚಿಹ್ನೆ ಬೇರೆ. ಮೂರು ವಾರ ಆದರೂ ಮನೆಗೆ ಬಂದು ಒಂದು ಲೆಕ್ಕವನ್ನೂ ಒಬ್ಬರೇ ಬಿಡಿಸಲು ಆಗುತ್ತಿಲ್ಲ, ಗೆಳೆಯರ ನೋಟ್ಸ್ ಇಳಿಸುವುದೇ ಓದು ಅಂತಾಗಿದೆ, ಬೆಳಗ್ಗೆ ಆ ಒಂದು ತರಗತಿ ಇದೆ ಅಂದರೆ ಹೊಟ್ಟೆನೋವು ಬರುತ್ತದೆ. ಇವು ಒಟ್ಟಿಗೆ ಕಂಡರೆ ಅಪ್ಪ ಅಮ್ಮನಿಗೆ ಅವತ್ತೇ ಹೇಳಿ. ಪೋಷಕರೂ ಆಗ "ಫೀಸು ಕಟ್ಟಿ ಆಗಿದೆ" ಅನ್ನಬೇಡಿ. ಮೊದಲು ಆ ವಿಷಯದ ಲೆಕ್ಚರರ್ ಹತ್ತಿರ ಹೋಗಿ, ಮಗು ತರಗತಿಯಲ್ಲಿ ಎಲ್ಲಿ ನಿಲ್ಲುತ್ತಿದೆ ಅಂತ ಕೇಳಿ. ಒಂದು ಪಾಠದಲ್ಲಿ ಮಾತ್ರ ತೊಡಕಿದ್ದರೆ ಅದನ್ನು ಹೇಳಿಸಿಕೊಂಡು ಮುಂದೆ ಹೋಗಿ. ನಾಲ್ಕು ವಿಷಯದಲ್ಲಿ ಮೂರರಲ್ಲೂ ಹೀಗೇ ಇದ್ದರೆ, ಬರೆದಿಟ್ಟ ಕೊನೆ ದಿನ ದಾಟುವ ಮೊದಲು ಬದಲಾವಣೆಯ ಅರ್ಜಿ ಕೊಡಿ.